ಅಂಬರೀಶನ ಹೆಸರಿದ್ದ ಕಾಗದ

ವರ್ಗಾವಣೆ ಆದೇಶ ಕೈಗೆ ಬಂದಾಗ ಶ್ಯಾಮಲಾಗೆ ಮೊದಲು ನೆನಪಾದದ್ದು ತಮ್ಮನ ಸ್ನಾನ. ಬಂಗಾರಪೇಟೆ ಶಾಖೆಗೆ ಅವಳು ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಬಂದು ಹದಿನಾಲ್ಕು ತಿಂಗಳಷ್ಟೇ ಆಗಿತ್ತು. ಮೂರು ವರ್ಷ ಒಂದೇ ಕಡೆ ಕೂತವರನ್ನು ಎಬ್ಬಿಸುವುದು ಅವಳ ಬ್ಯಾಂಕಿನ ರೂಢಿ. ಇವಳಿಗೆ ಮಾತ್ರ ‘ಆಡಳಿತಾತ್ಮಕ ಕಾರಣ’ ಎಂದು ಎರಡು ಪದ ಬರೆದು, ಏಳು ದಿನದೊಳಗೆ ಯಾದಗಿರಿ ಜಿಲ್ಲೆಯ ಶಾಖೆಗೆ ಹೋಗಿ ಎಂದಿದ್ದರು. ಆ ಎರಡು ಪದಗಳ ಹಿಂದೆ ಯಾರು ಬೇಕಾದರೂ ಬಚ್ಚಿಟ್ಟುಕೊಳ್ಳಬಹುದು. ಅದೇ ಶಾಖೆಯಲ್ಲಿ ಅದೇ ಹುದ್ದೆಯ ಗೋಪಿ ಐದು ವರ್ಷದಿಂದ ಇದ್ದ. ಅವನ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಅವಳಿಗೆ ಬೆಳಗಾಗುವುದು ಐದಕ್ಕೆ. ತಮ್ಮ ಅಂಬರೀಶ್‌ಗೆ ಮೂವತ್ತಮೂರು ವರ್ಷ. ಹುಟ್ಟಿದಾಗಿನಿಂದ ಕೈಕಾಲು ಅವನ ಮಾತು ಕೇಳುವುದಿಲ್ಲ, ನಾಲಿಗೆ ನಿಧಾನ, ಬುದ್ಧಿ ಮಾತ್ರ ನಮ್ಮ ನಿಮ್ಮಷ್ಟೇ ಚುರುಕು. ಅವನನ್ನು ಎತ್ತಿ ಬಚ್ಚಲ ಸ್ಟೂಲಿನ ಮೇಲೆ ಕೂರಿಸಿ, ಮೀಯಿಸಿ, ಗಡ್ಡ ತೆಗೆದು, ತಿಂಡಿ ತಿನ್ನಿಸಿ, ಗಾಲಿಕುರ್ಚಿಗೆ ಸೇರಿಸಿ ಅವಳು ಬಂಗಾರಪೇಟೆಗೆ ಹೋಗುವ ಮಾರಿಕುಪ್ಪಂ ರೈಲು ಹಿಡಿಯಬೇಕು. ಅಮ್ಮ ಮುನಿಶಾಮಮ್ಮನ ಸೊಂಟ ಬಗ್ಗುವುದು ನಿಂತು ಬಹಳ ದಿನವಾಗಿದೆ. ಮಧ್ಯಾಹ್ನ ಪಕ್ಕದ ಮನೆಯ ಸೆಲ್ವಿ ತನ್ನ ಒಲೆ ಆರಿಸಿ ಬಂದು ಅವನನ್ನು ಮಂಚಕ್ಕೆ ಮಲಗಿಸಿ ಹೋಗುತ್ತಾಳೆ. ಒಂದು ದಿನವೂ ತಪ್ಪಿಸಿದವಳಲ್ಲ. ಇಂಥ ನೆರೆಯವರು ಸಿಗಲು ಪುಣ್ಯ ಬೇಕು. ಆದರೆ ಎಷ್ಟು ಅಂತ ಅವಳ ಮೇಲೆ ಹೊರಿಸುವುದು?

ಆ ಸಂಜೆ ಶ್ಯಾಮಲಾ ಕಾಗದ ಬರೆಯಲು ಕೂತಳು. ಸಿಟ್ಟಿನಲ್ಲಿ ಬರೆದದ್ದು ನಾಲ್ಕು ಪುಟವಾಯಿತು. ಮೂರನೇ ಪುಟದ ತುಂಬ ಗೋಪಿಯ ಮೇಲಿನ ದೂರೇ.

“ಏನಕ್ಕಾ ಬರೀತಿದ್ದೀಯ?” ಅಂಬರೀಶ್ ಒಂದೊಂದೇ ಪದ ತೆಗೆದು ಕೇಳಿದ.

“ನಾನು ಓಗಲ್ಲ ಅಂತ.”

“ಯಾಕೆ ಓಗಲ್ಲ ಅಂತ ಬರ್ದೆ?”

“ಮನೆ ಕಾರಣ ಅಂತ.”

“ನನ್ ಹೆಸ್ರು ಐತಾ ಅದ್ರಾಗೆ?”

“ನಿನ್ ಹೆಸ್ರು ಯಾಕೋ ಅಲ್ಲಿ? ಸುಮ್ಕಿರು,” ಎಂದಳು.

ಅವನ ಹೆಸರು ಬರೆಯದಿರುವುದು ಆ ಮನೆಯ ಹಳೇ ಅಭ್ಯಾಸ. ಅವಳು ಕೆಲಸಕ್ಕೆ ಸೇರುವಾಗ, ಗಣಿಯಲ್ಲಿ ದುಡಿದ ಅಪ್ಪ ವೆಂಕಟೇಶಪ್ಪ ಇನ್ನೂ ಬದುಕಿದ್ದರು. ಅವಲಂಬಿತರ ಫಾರಂ ತುಂಬುತ್ತಿದ್ದ ಮಗಳ ಪಕ್ಕ ಕೂತು, “ತಮ್ಮನ್ನ ಬರೀಬ್ಯಾಡ ತಾಯಿ. ನಾಳೆ ಮದ್ವೆಗೆ ನಿನ್ನ ಕೇಳ್ಕೊಂಡು ಬರೋರು ಇಂಜರೀತಾರೆ,” ಎಂದಿದ್ದರು. ಅವಳು ಅಮ್ಮ ಅಪ್ಪನ ಹೆಸರಷ್ಟೇ ಬರೆದಳು. ಕೇಳಿಕೊಂಡು ಯಾರೂ ಬರಲಿಲ್ಲ. ಅಪ್ಪನೂ ಹೋದರು. ಫಾರಂ ಮಾತ್ರ ಹಾಗೇ ಉಳಿಯಿತು.

ಮರುದಿನ ಶಾಖೆಯ ಮ್ಯಾನೇಜರ್ ವಿಜಯಕುಮಾರ್ ನಾಲ್ಕು ಪುಟವನ್ನೂ ಕೈಗೆತ್ತಿಕೊಂಡರು. ನಗುವುದಕ್ಕೂ ಮೇಲಿನವರ ಅನುಮತಿ ಬೇಕು ಎನ್ನುವಂಥ ಮನುಷ್ಯ. ನೋಡಿ ಮುಗಿಸಿ, “ಇದನ್ನ ನಾನು ಕಳಿಸಲ್ಲ ಮೇಡಂ,” ಎಂದರು.

ಶ್ಯಾಮಲಾಗೆ ಮೈ ಉರಿಯಿತು. “ಹಾಗಾದ್ರೆ ನಾನೇ ನೇರವಾಗಿ ವಲಯ ಕಚೇರಿಗೆ ಕಳಿಸ್ತೀನಿ ಸರ್.”

“ಕಳಿಸಿ. ಮ್ಯಾನೇಜರ್ ಮೂಲಕ ಬಂದಿಲ್ಲ ಅಂತ ಪಕ್ಕಕ್ಕಿಡ್ತಾರೆ. ಇದರಲ್ಲಿ ಕೌಟುಂಬಿಕ ಕಾರಣ ಅಂತ ಒಂಬತ್ತು ಸಲ ಬರೆದಿದ್ದೀರ. ಆ ಕಾರಣಕ್ಕೆ ಒಂದು ಹೆಸರಿರಬೇಕಲ್ಲ?”

ಅವರು ಡ್ರಾಯರಿನಿಂದ ಒಂದು ಸುತ್ತೋಲೆಯ ಪ್ರತಿ ತೆಗೆದು ಮುಂದಿಟ್ಟರು. ಅಂಗವೈಕಲ್ಯವಿರುವ ಮಗು, ಅಪ್ಪ ಅಮ್ಮ, ಗಂಡ ಹೆಂಡತಿ, ಒಡಹುಟ್ಟಿದವರು, ಇಂಥವರನ್ನು ಮುಖ್ಯವಾಗಿ ನೋಡಿಕೊಳ್ಳುವ ನೌಕರರಿಗೆ ಮಾಮೂಲು ವರ್ಗಾವಣೆಯಿಂದ ವಿನಾಯಿತಿ ಕೊಡಬಹುದು, ಆಡಳಿತಕ್ಕೆ ತೀರಾ ಅಡ್ಡಿಯಾಗದಿದ್ದರೆ, ಎಂದು ಅದರಲ್ಲಿತ್ತು.

“ಬೆಳಿಗ್ಗೆ ಗೋಪಿ ತಂದುಕೊಟ್ರು,” ಎಂದರು ವಿಜಯಕುಮಾರ್. “ಆಯುಧಪೂಜೆ ಪ್ರಸಾದ ಕೊಡೋಕೆ ನಿಮ್ಮ ಮನೆಗೆ ಬಂದಿದ್ರಂತೆ. ನೀವು ಬಾಗಿಲಲ್ಲೇ ಕಳಿಸಿದ್ರಂತೆ. ಒಳಗೆ ಗಾಲಿಕುರ್ಚೀಲಿ ಒಬ್ರು ಕೂತಿದ್ದು ಕಾಣಿಸ್ತಂತೆ. ಮೇಡಂ ತಾವಾಗಿ ಹೇಳಲ್ಲ, ನೀವೇ ಕೇಳಿ ಅಂದ್ರು.”

ಶ್ಯಾಮಲಾಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ವಿಜಯಕುಮಾರ್ ಮೂರನೇ ಪುಟವನ್ನು ಬೇರೆ ಮಾಡಿ, ಮಡಿಸಿ, ಅವಳತ್ತ ಸರಿಸಿದರು. “ಇದು ನಿಮ್ಮ ಹತ್ರಾನೇ ಇರಲಿ. ನಾನು ಓದಿಲ್ಲ.”

ಓದಿದ್ದರು ಎಂದು ಇಬ್ಬರಿಗೂ ಗೊತ್ತಿತ್ತು. ಆ ಒಂದು ಸುಳ್ಳಿಗೆ ಅವಳು ಇವತ್ತಿಗೂ ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಾಳೆ.

“ನನ್ನ ತಮ್ಮ ಸರ್, ಅಂಬರೀಶ್,” ಎಂದಳು ಕೊನೆಗೆ.

“ನಿಮ್ಮ ಸರ್ವಿಸ್ ದಾಖಲೇಲಿ ತಮ್ಮನೇ ಇಲ್ಲ. ಮೊದಲು ಅವರನ್ನ ಸೇರಿಸಿ. ಆಮೇಲೆ ಒಂದೇ ಪುಟ ಬರೀರಿ,” ಎಂದರು.

ಒಂದೇ ಪುಟ ಬರೆಯುವುದು ನಾಲ್ಕು ಪುಟಕ್ಕಿಂತ ಕಷ್ಟವಾಯಿತು. ‘ನನ್ನ ತಮ್ಮ ವಿ. ಅಂಬರೀಶ್, ವಯಸ್ಸು ಮೂವತ್ತಮೂರು, ಶೇಕಡ ಎಂಬತ್ತರ ಅಂಗವೈಕಲ್ಯ. ಅವನನ್ನು ಎತ್ತಿ ಕೂರಿಸುವವಳು ನಾನು. ಇಷ್ಟು ವರ್ಷ ಅವನ ಹೆಸರನ್ನು ದಾಖಲೆಗೆ ಕೊಡದಿದ್ದದ್ದು ನನ್ನ ತಪ್ಪು. ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಲ್ಲೇ ಆಗಿರುವ ಈ ವರ್ಗಾವಣೆಯನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವಿಲ್ಲ. ದಯವಿಟ್ಟು ರದ್ದುಪಡಿಸಬೇಕು.’ ರೈಲಿನ ರಿಯಾಯಿತಿಗೆಂದು ಮಾಡಿಸಿದ್ದ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಪಡಿತರ ಚೀಟಿ, ಹೊಸ ಅವಲಂಬಿತರ ಫಾರಂ, ಎಲ್ಲದರ ಪ್ರತಿ ಲಗತ್ತಿಸಿದಳು.

ವಿಜಯಕುಮಾರ್ ಆಗಲೂ ಸಹಿ ಹಾಕಲಿಲ್ಲ. “ನೋಡದೆ ಶಿಫಾರಸು ಬರೆದು ನನಗೆ ಅಭ್ಯಾಸ ಇಲ್ಲ,” ಎಂದು ಸಂಜೆ ಅವಳ ಜೊತೆ ರೈಲು ಹತ್ತಿದರು. ಅಂಬರೀಶನ ಎದುರು ಕೂತು ಟೀ ಕುಡಿದರು. ಅವನು ಒಂದು ಮಾತು ಮುಗಿಸುವ ತನಕ ಕಾದು ಕೇಳಿದರು, ಅರ್ಧಕ್ಕೆ ತಾವೇ ಪೂರ್ತಿ ಮಾಡಲಿಲ್ಲ. ಮುನಿಶಾಮಮ್ಮ ಬಾಗಿಲ ಹತ್ತಿರ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ನನ್ ಮಗನ್ನ ಮನುಷ್ಯ ಅಂತ ಮಾತಾಡ್ಸಿದ್ರಲ್ಲಪ್ಪ, ಅಷ್ಟೇ ಸಾಕು,” ಎಂದರು, ಮ್ಯಾನೇಜರ್ ಹೋದ ಮೇಲೆ.

ಮರುದಿನ ಕಾಗದದ ಕೆಳಗೆ ‘ಮನೆಗೆ ಹೋಗಿ ಖುದ್ದು ನೋಡಿದ್ದೇನೆ. ಬಲವಾಗಿ ಶಿಫಾರಸು ಮಾಡುತ್ತೇನೆ. ಬದಲಿ ಅಧಿಕಾರಿ ಬರದ ಕಾರಣ ಇವರನ್ನು ಸದ್ಯ ಬಿಡುಗಡೆ ಮಾಡಿಲ್ಲ’ ಎಂದು ಬರೆದು ಮೇಲಕ್ಕೆ ಕಳಿಸಿದರು. ಏಳನೇ ದಿನ ವಲಯ ಕಚೇರಿಯಿಂದ, ಇನ್ನೂ ಯಾಕೆ ಬಿಡುಗಡೆ ಮಾಡಿಲ್ಲ ಎಂದು ಫೋನು ಬಂತು. ಬಾಗಿಲು ತೆರೆದಿಟ್ಟುಕೊಂಡೇ ಅವರು ಬೈಗುಳ ತಿಂದರು. ಆಮೇಲೆ ಏನೂ ಆಗದವರಂತೆ ಮುಂದಿನ ಗ್ರಾಹಕರನ್ನು ಕರೆದರು.

ಹದಿನೆಂಟನೇ ದಿನ ಉತ್ತರ ಬಂತು. ವರ್ಗಾವಣೆ ರದ್ದು, ಮುಂದಿನ ಆದೇಶದವರೆಗೆ ಬಂಗಾರಪೇಟೆಯಲ್ಲೇ.

ಶ್ಯಾಮಲಾ ಸೀದಾ ಗೋಪಿಯ ಟೇಬಲಿಗೆ ಹೋದಳು. “ಭಾನುವಾರ ಮನೆಗೆ ಬನ್ನಿ ಗೋಪಿ ಸರ್. ಈ ಸಲ ಒಳಗೆ ಬಂದು ಕೂತ್ಕೊಳ್ಳಿ,” ಎಂದಳು.

“ಬತ್ತೀನಿ ಮೇಡಂ,” ಎಂದು ಅವನು ಕೆಲಸಕ್ಕೆ ತಿರುಗಿದ.

ಮನೆಯಲ್ಲಿ ಅವಳು ಮೊದಲು ಮಾಡಿದ್ದು, ಆ ಮೂರನೇ ಪುಟವನ್ನು ನೀರೊಲೆಗೆ ಹಾಕಿದ್ದು. ಆಮೇಲೆ ಇಂಗ್ಲಿಷಿನಲ್ಲಿದ್ದ ಆದೇಶವನ್ನು ತಮ್ಮನ ಕಣ್ಣ ಮುಂದೆ ಹಿಡಿದು ಓದಿ ಕನ್ನಡದಲ್ಲಿ ಹೇಳಿದಳು. ‘ತಮ್ಮನಾದ ಶ್ರೀ ವಿ. ಅಂಬರೀಶ್ ಅವರ ಆರೈಕೆಯ ಕಾರಣದಿಂದ’ ಎಂಬಲ್ಲಿಗೆ ಬಂದಾಗ ಅವನು ತಲೆ ಅಲ್ಲಾಡಿಸಿ ತಡೆದ.

“ಇನ್ನೊಂದ್ಸಲ.”

ಇನ್ನೊಂದು ಸಲ ಓದಿದಳು. ‘ಶ್ರೀ’ಯನ್ನು ಒತ್ತಿ ಓದಿದಳು.

ಅವನು ಬಹಳ ಹೊತ್ತು ತುಟಿ ಹೊಂದಿಸಿಕೊಂಡ. ಅವಳು ಕಾದಳು, ವಿಜಯಕುಮಾರ್ ಕಾದ ಹಾಗೆ.

“ಅಂಗಾರೆ ಅಕ್ಕಾ,” ಎಂದ ಅಂಬರೀಶ್, “ನಿನ್ನ ಇಲ್ಲೇ ಉಳಿಸ್ಕೊಂಡಿದ್ದು ನಾನು.”

“ಊಂ ಕಣೋ,” ಎಂದಳು ಶ್ಯಾಮಲಾ. “ನೀನೇ.”