ಕಂಡ ಅಂಕಿ

ನಾಲ್ಕು ಲ್ಯಾಬ್ ಜರ್ನಲ್‌ಗಳಿಗೆ ಸಹಿ ಬಿದ್ದಿತ್ತು. ಐದನೆಯದು ನಿಷತಳದು. ಅದನ್ನು ಚೇತನಕುಮಾರ ಸರ್ ಮೇಜಿನ ತುದಿಗೆ ತಳ್ಳಿದರು.

“ಈ ಪುಟ ಹರದು ಮತ್ತ ಬರಕೊಂಡ ಬಾ. ಗುರುವಾರ ಪರೀಕ್ಷಾ ಐತಿ. ಸಹಿ ಇಲ್ಲದ ಲ್ಯಾಬಿನ ಒಳಗ ಬಿಡಂಗಿಲ್ಲ, ಗೊತ್ತೈತಿಲ್ಲ?”

“ಗೊತ್ತೈತ್ರಿ ಸರ್. ಆದ್ರ ಹರಿಯಂಗಿಲ್ರಿ.”

ನಾನು ಪಕ್ಕದ ಮೇಜಿನಲ್ಲಿ ಭೌತಶಾಸ್ತ್ರದ ಉತ್ತರಪತ್ರಿಕೆ ನೋಡುತ್ತಿದ್ದೆ. ನಿವೃತ್ತಿಯಾದ ಮೇಲೆ ವಾರಕ್ಕೆರಡು ದಿನ ಸಿಂದಗಿಯ ಈ ಡಿಪ್ಲೊಮಾ ಕಾಲೇಜಿಗೆ ಬಂದು ಪಾಠ ಮಾಡುತ್ತೇನೆ. ಮೆಕ್ಯಾನಿಕಲ್ ವಿಭಾಗದ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ನನಗಿಲ್ಲ. ಆದರೂ ಪೆನ್ನು ಕೆಳಗಿಟ್ಟೆ.

ನಡೆದದ್ದು ಇಷ್ಟು. ಮೆದು ಉಕ್ಕಿನ ಒಂದು ತುಂಡನ್ನು ಯಂತ್ರದ ಎರಡು ಹಿಡಿತಗಳ ನಡುವೆ ಸಿಕ್ಕಿಸಿ ಮುರಿಯುವ ತನಕ ಎಳೆಯುವುದು ಎರಡನೆಯ ವರ್ಷದವರ ಪ್ರಯೋಗ. ಭಾರ ಏರುತ್ತಾ ಹೋಗುವಾಗ ಗಡಿಯಾರದಂಥ ಮುಖದ ಮೇಲಿನ ಸೂಜಿ ಒಂದು ಹಂತದಲ್ಲಿ ನಿಲ್ಲಬೇಕು, ತುಸು ಹಿಂದೆಯೂ ಸರಿಯಬೇಕು. ಆಗ ಭಾರ ಹೆಚ್ಚದೆಯೇ ಉಕ್ಕು ಹಿಗ್ಗುತ್ತದೆ. ಅದೇ ಇಳುವರಿ ಬಿಂದು, ಯೀಲ್ಡ್ ಪಾಯಿಂಟ್. ಮೆದು ಉಕ್ಕಿನ ಗುರುತೇ ಅದು ಎಂದು ಪುಸ್ತಕ ಹೇಳುತ್ತದೆ. ಆ ದಿನ ಸರ್ ಪ್ರಾಂಶುಪಾಲರ ಕೋಣೆಯಲ್ಲಿದ್ದರು. ಲ್ಯಾಬಿನ ಸಹಾಯಕ ಧರೆಪ್ಪ ಯಂತ್ರ ನಡೆಸಿದ. ಸೂಜಿ ಎಲ್ಲಿಯೂ ನಿಲ್ಲಲಿಲ್ಲ. ೪೦.೮ ಕಿಲೋನ್ಯೂಟನ್ ತನಕ ಏರಿ ತುಸು ಇಳಿಯಿತು, ತುಂಡು ಫಟ್ಟೆಂದು ಮುರಿಯಿತು. ಐವತ್ತು ಮಿಲಿಮೀಟರ್ ಗುರುತಿನ ಉದ್ದ ಐವತ್ತಾರು ಆಗಿತ್ತು, ಅಷ್ಟೇ. ಪುಸ್ತಕದ ಪ್ರಕಾರ ಅರವತ್ತು ದಾಟಬೇಕಿತ್ತು.

ನಾಲ್ವರು ಹುಡುಗರು ಗಾಬರಿಯಾಗಿ ಹಿಂದಿನ ವರ್ಷದವರ ಜರ್ನಲ್ ತಂದು ಅದರ ಅಂಕಿ ಇಳಿಸಿಕೊಂಡರು. ಈ ಕಾಲೇಜಿನಲ್ಲಿ ಎಷ್ಟೋ ವರ್ಷಗಳಿಂದ ಅವೇ ಅಂಕಿಗಳು ಒಂದು ಕೈಯಿಂದ ಇನ್ನೊಂದು ಕೈಗೆ ಬರುತ್ತಿವೆ. ನಿಷತ ಮಾತ್ರ ಕಂಡದ್ದನ್ನು ಬರೆದಳು.

“ಅಲ್ಲಾ, ಹೊರಗಿಂದ ಬರೋ ಪರೀಕ್ಷಕರು ಐದೂ ಜರ್ನಲ್ ಸಾಲಾಗಿ ಇಟ್ಟ ನೋಡ್ತಾರ,” ಎಂದರು ಸರ್. “ಒಂದ ತುಂಡಿಗೆ ಎರಡ ಥರ ಅಂಕಿ! ನನ್ನ ಏನಂತ ಕೇಳ್ತಾರ?”

ಬಾಗಿಲಲ್ಲಿ ನಿಂತಿದ್ದ ಶ್ರೀಶೈಲ ಅವಳ ಗುಂಪಿನವನೇ. “ಏ ನಿಷತ, ಒಬ್ಬಾಕಿನ ಹರಿಶ್ಚಂದ್ರ ಆಗಬ್ಯಾಡವಾ, ನಮ್ಮನ್ನೂ ಸುಡುಗಾಡಿಗೆ ಕರಕೊಂಡ ಹೊಂಟಿ,” ಎಂದ.

“ನೀನೂ ಕಣ್ಣ ತಗದ ನಿಂತಿದ್ದೆಲ್ಲೋ? ಸೂಜಿ ನಿಂತಿತ್ತೇನ್? ಹೇಳ.”

ಅವನು ಬಾಗಿಲ ಚಿಲಕವನ್ನು ಆಡಿಸತೊಡಗಿದ.

ನಾನು ಜರ್ನಲ್ ಎಳೆದುಕೊಂಡು ಓದಿದೆ. ಉದ್ದೇಶ, ಸಲಕರಣೆ, ವಿಧಾನ, ವೀಕ್ಷಣೆಯ ಕೋಷ್ಟಕ, ಲೆಕ್ಕ, ನಕ್ಷೆ ಎಲ್ಲ ಕ್ರಮವಾಗಿದ್ದವು. ಹತ್ತು ಮಿಲಿಮೀಟರ್ ವ್ಯಾಸದ ತುಂಡು. ಗರಿಷ್ಠ ಒತ್ತಡ ಚದರ ಮಿಲಿಮೀಟರಿಗೆ ೫೧೯ ನ್ಯೂಟನ್. ಉದ್ದದ ಹೆಚ್ಚಳ ಶೇಕಡಾ ಹನ್ನೆರಡು. ‘ಫಲಿತಾಂಶ’ದ ಕೆಳಗೆ: ‘ಸ್ಪಷ್ಟ ಇಳುವರಿ ಬಿಂದು ಕಾಣಲಿಲ್ಲ.’ ಆಮೇಲೆ ‘ಚರ್ಚೆ’: ‘ಈ ತುಂಡು ತಣ್ಣಗೆ ಎಳೆದು ತಯಾರಿಸಿದ ಸರಳಿನದು ಇರಬಹುದು. ತಣ್ಣಗೆ ಎಳೆದಾಗ ಉಕ್ಕು ಗಟ್ಟಿಯಾಗುತ್ತದೆ, ಹಿಗ್ಗುವ ಗುಣ ಕಡಿಮೆಯಾಗುತ್ತದೆ, ಇಳುವರಿ ಬಿಂದು ಮರೆಯಾಗುತ್ತದೆ.’

“ಇದು ನಿಂಗ ಹೆಂಗ ಗೊತ್ತಾತು?” ಎಂದು ಕೇಳಿದೆ.

“ತುಂಡು ಕಡದು ಕೊಟ್ಟ ಬಂದಗಿಸಾಬ ಕಾಕಾನ್ನ ಕೇಳಿದ್ನಿರಿ ಮೇಡಮ್. ಈ ಸಲ ಕಾಸಿ ಮಾಡಿದ ಕರಿ ಸರಳು ಸಿಗಲಿಲ್ಲಂತ, ಬ್ರೈಟ್ ಬಾರ್ ಹಾಕೇನಿ ಅಂದ್ರು. ಅದೂ ಮೆದು ಉಕ್ಕರಿ. ಆದ್ರ ತಣ್ಣಗ ಜಗ್ಗಿದ್ದು.”

“ಲೇಥಿನವನ ಮಾತು ಜರ್ನಲ್‌ದಾಗ ಬರೀತಿಯೇನ್?” ಸರ್ ನಕ್ಕರು.

“ಹಂಗಾದ್ರ ನೋಡೋಣ್ರಿ. ಅದ ಸರಳಿಂದ ಇನ್ನೊಂದು ತುಂಡು ಧರೆಪ್ಪಣ್ಣನ ಕಪಾಟಿನ್ಯಾಗ ಐತಿ. ಕೆಂಪಗ ಕಾಸಿ ಬೂದ್ಯಾಗ ಮೆಲ್ಲಕ ಆರಿಸಿದ್ರ ಉಕ್ಕು ಮತ್ತ ಮೆದು ಆಗ್ತದ. ಆಮ್ಯಾಲ ಎಳದ್ರ ಸೂಜಿ ನಿಲ್ಲಬೇಕು.”

ಸರ್ ಜರ್ನಲಿನ ನಕ್ಷೆಯನ್ನು ಮತ್ತೊಮ್ಮೆ ನೋಡಿದರು. ಕೆಟ್ಟ ಮನುಷ್ಯರಲ್ಲ. ಆಲಮೇಲದ ಬಸ್ಸು ತಡವಾದ ದಿನ ನಿಷತಳಿಗಾಗಿ ಹಾಜರಿಪುಸ್ತಕವನ್ನು ಹತ್ತು ನಿಮಿಷ ಮುಚ್ಚದೆ ಇಟ್ಟದ್ದನ್ನು ನಾನೇ ಕಂಡಿದ್ದೇನೆ. ಅವರಿಗೆ ಭಯ, ಅಷ್ಟೇ.

“ಆತು,” ಎಂದರು. “ನಾಳೆ ಎಳಿ. ಸೂಜಿ ನಿಂತ್ರ ಸಹಿ ಮಾಡ್ತೇನಿ. ನಿಲ್ಲಲಿಲ್ಲಂದ್ರ ಎಲ್ಲಾರ ಹಂಗ ಹಳೇ ಅಂಕಿ ಬರೀಬೇಕು. ಒಪ್ಪಿಗಿ?”

“ಇಲ್ರಿ.”

“ಏನಂದಿ?”

“ಸೂಜಿ ನಿಲ್ಲಲಿಲ್ಲಂದ್ರ ನನ್ನ ಚರ್ಚೆ ತಪ್ಪು ಅಂತ ಬರೀತೇನಿ ಸರ್. ಕಾರಣ ಗೊತ್ತಾಗಲಿಲ್ಲ ಅಂತನೂ ಬರೀತೇನಿ. ಆದ್ರ ಕಂಡ ಅಂಕಿ ಅಳಸಂಗಿಲ್ರಿ. ಚರ್ಚೆ ನಂದು, ಅದು ತಪ್ಪಬಹುದು. ಫಲಿತಾಂಶ ತುಂಡಿಂದು.”

ಸರ್ ಅವರ ಮುಖ ಕೆಂಪಾಯಿತು. ನನಗೆ ನಗು ಬಂತು. ಸೆರಗು ಅಡ್ಡ ಹಿಡಿದೆ. ಮೂವತ್ತು ವರ್ಷ ಪಾಠ ಮಾಡಿದರೂ ನಾನು ಅದನ್ನು ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ.

ಸಂಜೆ ಅವಳೊಂದಿಗೆ ನಾನೂ ಬಂದಗಿಸಾಬನ ಅಂಗಡಿಗೆ ಹೋದೆ. “ಬರ್ರಿ ಅಕ್ಕೋರ,” ಎಂದವನೇ ಸ್ಟೂಲಿನ ಮೇಲಿನ ಕಬ್ಬಿಣದ ಪುಡಿಯನ್ನು ತನ್ನ ಟವೆಲಿನಿಂದ ಒರೆಸಿ ನನಗೆ ಕೊಟ್ಟ. ಟ್ರಾಕ್ಟರಿನ ಕೆಲಸ ಬದಿಗಿಟ್ಟು, ತುಂಡನ್ನು ಕುಲುಮೆಯಲ್ಲಿ ನಿಧಾನವಾಗಿ ಕಾಸಿ, ತುದಿಯಿಂದ ತುದಿಗೆ ಒಂದೇ ಹೊಳೆವ ಕೆಂಪು ಬಂದ ಮೇಲೆ ಬೂದಿಯಲ್ಲಿ ಹುಗಿದ. “ಮುಂಜಾನೆ ತನಕ ಮುಟ್ಟಬ್ಯಾಡವಾ. ಅವಸರ ಮಾಡಿದ್ರ ಕೆಡತೈತಿ,” ಎಂದ.

ಮರುದಿನ ನಿಷತ ತುಂಡಿನ ಮೇಲಿನ ಕಪ್ಪು ಪೊರೆಯನ್ನು ಮರಳು ಕಾಗದದಿಂದ ತಿಕ್ಕಿ ಮತ್ತೆ ಅಳೆದಳು. ವ್ಯಾಸ ೯.೯ ಆಗಿತ್ತು. “ಹತ್ತು ಅಂತನ ಹಿಡಿ, ಏನಾಗ್ತದ,” ಎಂದ ಶ್ರೀಶೈಲ. ಅವಳು ೯.೯ ಎಂದೇ ಬರೆದು, ಐವತ್ತು ಮಿಲಿಮೀಟರಿನ ಗುರುತು ಹಾಕಿದಳು.

ಧರೆಪ್ಪ ಭಾರ ಏರಿಸಿದ. ಹತ್ತು, ಹದಿನೈದು, ಇಪ್ಪತ್ತು. ೨೦.೪ಕ್ಕೆ ಸೂಜಿ ನಿಂತಿತು. ನಡುಗಿ, ಕೂದಲೆಳೆಯಷ್ಟು ಹಿಂದೆ ಸರಿಯಿತು.

“ನಿಂತೈತಿ ನೋಡ್ರಿ!” ಧರೆಪ್ಪನೇ ಕೂಗಿದ.

ಸರ್ ಕನ್ನಡಕ ತೆಗೆದು ಹತ್ತಿರ ಬಗ್ಗಿದರು. ಸೂಜಿ ಮತ್ತೆ ಏರಿ ೩೧.೬ ಮುಟ್ಟಿತು, ತುಂಡು ನಡುವಿನಲ್ಲಿ ಸೊಂಟದಂತೆ ಸಣ್ಣಗಾಗಿ ಮುರಿಯಿತು. ಎರಡು ಚೂರು ಕೂಡಿಸಿ ಅಳೆದರೆ ಉದ್ದ ಅರವತ್ತೈದು. ಶೇಕಡಾ ಮೂವತ್ತು ಹೆಚ್ಚಳ. ನಿಷತ ಎರಡನೆಯ ಕೋಷ್ಟಕ ಸೇರಿಸಿದಳು: ಇಳುವರಿ ಒತ್ತಡ ೨೬೫, ಗರಿಷ್ಠ ಒತ್ತಡ ೪೧೦.

ಸರ್ ಸಹಿ ಮಾಡಿದರು. ಶ್ರೀಶೈಲ ತಲೆ ಕೆರೆದುಕೊಂಡ. “ಸರ್, ನಂದೂ ವಾಪಸ್ ಕೊಡ್ರಿ. ಮೊದಲನೇ ದಿನದ ಅಂಕಿ ಚೀಟ್ಯಾಗ ಬರಕೊಂಡೇನಿ.” ಉಳಿದ ಮೂವರು ಕೇಳಲಿಲ್ಲ, ಕಿಟಕಿಯಾಚೆ ನೋಡಿದರು.

ನಿಷತ ಹೋಗಲಿಲ್ಲ. ಜರ್ನಲ್ ತೆರೆದು ಸಹಿಯ ಕೆಳಗೆ ಮತ್ತೆ ಬರೆಯತೊಡಗಿದಳು.

“ಏ, ಏ! ಸಹಿ ಆದ ಮ್ಯಾಲ ಏನ ಬರೀತಿ?”

ಅವಳು ಓದಿ ಹೇಳಿದಳು: “‘ಕಾಸಿದಾಗಿನ ತಾಪಮಾನವನ್ನು ಅಳೆದಿಲ್ಲ, ಬಣ್ಣ ನೋಡಿ ಅಂದಾಜು ಮಾಡಿದೆ. ಕಾಸಿ ಎಳೆದದ್ದು ಒಂದೇ ತುಂಡು. ಆದ್ದರಿಂದ ಕಾರಣ ಇದೇ ಎಂದು ಖಚಿತವಾಗಿ ಹೇಳಲು ಇನ್ನಷ್ಟು ತುಂಡು ಬೇಕು.’”

“ಹುಚ್ಚೇನ ನಿನಗ? ಗೆದ್ದೀಯಲ್ಲ! ನಿನ್ನ ಮಾತು ನೀನ ಯಾಕ ಸಡಿಲ ಮಾಡ್ಕೋತಿ? ಪರೀಕ್ಷಕರು ಅಲ್ಲೇ ಹಿಡೀತಾರ.”

“ಹಿಡೀಲಿರಿ. ಉತ್ತರಾ ಹೇಳ್ತೇನಿ.” ಅವಳು ಜರ್ನಲನ್ನು ಅವರತ್ತ ತಿರುಗಿಸಿದಳು. “ಮ್ಯಾಲಿನ ಸಹಿ ಇದಕ್ಕ ಸಲ್ಲಂಗಿಲ್ರಿ ಸರ್. ಬೇಕಾದ್ರ ಅದನ್ನ ಹೊಡದ ಹಾಕ್ರಿ. ಇಲ್ಲಾಂದ್ರ ಇದರ ಕೆಳಗ ಇನ್ನೊಂದು ಮಾಡ್ರಿ.”

ಸರ್ ಪೆನ್ನಿನ ಟೋಪಿಯನ್ನು ಹಾಕಿದರು, ತೆಗೆದರು. ಅವಳು ನಿಂತೇ ಇದ್ದಳು. ಕೊನೆಗೆ ಅವರು ಆ ಮೂರು ಸಾಲನ್ನು ಮೊದಲಿನಿಂದ ಓದಿ, ಕೆಳಗೆ ಸಹಿ ಮಾಡಿ, ತಾರೀಖನ್ನೂ ಹಾಕಿದರು.