ಮಾಸ್ತರರು ತಿದ್ದಿದ ಟಿವಿ ಪತ್ರ

ಸಿಂದಗಿಯ ಆ ಬಾಡಿಗೆ ಮನೆಯ ಟಿವಿ ಮತ್ತೆ ಅರ್ಧ ಮುಖ ಕಪ್ಪು ಮಾಡಿಕೊಂಡಾಗ ಸುಮೇಧಾಳಿಗೆ ಬೇಸರವೇ ಬಂತು. ವಾರ್ತೆ ಓದುವವಳ ಒಂದೇ ಕಣ್ಣು ಕಾಣುತ್ತಿತ್ತು. ಕೇಬಲ್ಲು, ಸೆಟ್‌ಟಾಪ್ ಬಾಕ್ಸು ಎರಡನ್ನೂ ಬದಲಿಸಿ ನೋಡಿದ ರಿಪೇರಿಯವನು, "ಪ್ಯಾನಲ್ಲೇ ಹೋಗೇತ್ರಿ ಅಕ್ಕಾರ, ಮಾಲಕರಿಗೆ ಹೇಳ್ರಿ" ಎಂದಿದ್ದ.

ಮಾಲೀಕರೆಂದರೆ ಕೆಳಗಿನ ಮನೆಯ ಪಂಢರಿನಾಥ ಮಾಸ್ತರರು, ನಿವೃತ್ತ ಕನ್ನಡ ಶಿಕ್ಷಕರು. ಮೂರು ಸಲ ಬಾಯಿಬಿಟ್ಟು ಹೇಳಿದ್ದಕ್ಕೆ "ಬರದು ಕೊಡ್ರಿ" ಎಂದಿದ್ದರು. ಬರೆದುಕೊಟ್ಟಳು: ಕರಾರುಪತ್ರದ ಸಾಮಾನಿನ ಪಟ್ಟಿಯಲ್ಲಿ ಟಿವಿಯೂ ಇದೆ, ಅದರ ಪ್ಯಾನಲ್ ಕೆಟ್ಟಿದೆ, ಹದಿನೈದು ದಿನದೊಳಗೆ ದುರಸ್ಥಿ ಮಾಡಿಸಿ, ಇಲ್ಲವೇ ಬೇರೆ ಟಿವಿ ಕೊಡಿ.

ಎಂಟನೇ ದಿನ ಪತ್ರ ಬಾಗಿಲ ಸಂದಿಯಿಂದ ವಾಪಸು ಬಂತು. ಮೈಮೇಲೆ ಕೆಂಪು ಶಾಯಿ! 'ದುರಸ್ಥಿ'ಗೆ ಸುತ್ತು ಹಾಕಿ ಮೇಲೆ 'ದುರಸ್ತಿ' ಎಂದು ಬರೆದಿದ್ದರು. ಕೆಳಗೊಂದು ಷರಾ: 'ತಪ್ಪು ತಿದ್ದಿ ಮತ್ತೆ ತೋರಿಸುವುದು.' ಟಿವಿಯ ಸುದ್ದಿಯೇ ಇಲ್ಲ. ಇಡೀ ಮನೆಯಲ್ಲಿ ದುರಸ್ತಿಯಾಗಿದ್ದು ಆ ಶಬ್ದ ಒಂದೇ.

ಥೂ, ಇದೆಂಥ ಮನುಷ್ಯ! ಅವಳು ವಾಯರು ಕಿತ್ತು, ಟಿವಿಯನ್ನು ಎದೆಗವಚಿಕೊಂಡು ಕೆಳಗಿಳಿದಳು. ಮಾಸ್ತರರ ಪಡಸಾಲೆಯಲ್ಲಿ, ಅವರ ಆರಾಮ ಕುರ್ಚಿಯ ಮೇಲೆಯೇ ಅದನ್ನು ಕೂರಿಸಿ, ಪರದೆಗೆ ಆ ಪತ್ರ ಅಂಟಿಸಿದಳು.

"ಇದೇನವಾ ತಂಗಿ?" ಮಾಸ್ತರರು ಗಾಬರಿಯಾದರು.

"ನಿಮ್ಮ ಷರಾ ಓದ್ರಿ ಸರ್."

ಕನ್ನಡಕ ಏರಿಸಿ ಓದಿದರು: "ತಪ್ಪು ತಿದ್ದಿ ಮತ್ತೆ ತೋರಿಸುವುದು."

"ಹೌದ್ರಿ. ಇನ್ನ ಏಳ ದಿನ ಉಳದಾವ."