ಎಲ್ಲರೂ ಓನರ್

ಮೂರು ಸುತ್ತು ಸಂದರ್ಶನ, ಮೂರು ಹೆಸರಿನ ಕೆಲಸ. ಜಾಹೀರಾತಿನಲ್ಲಿ ಆಪರೇಷನ್ಸ್ ಲೀಡ್ ಎಂದಿತ್ತು. ಮೊದಲ ಸುತ್ತಿನಲ್ಲಿ ಫೋನಿನಲ್ಲಿ ಗ್ರೋತ್ ಅಂದರು. ಎರಡನೆಯದಕ್ಕೆ ಅದೇ ಚೀಫ್ ಆಫ್ ಸ್ಟಾಫ್ ಆಗಿ ಕೂತಿತ್ತು. ಏಳು ವರ್ಷ ಕೊರಿಯರ್ ಗೋದಾಮು ನಡೆಸಿದ ಹೆಂಗಸು, ಯಾವ ಪೆಟ್ಟಿಗೆ ಯಾವ ಕಪಾಟಿಗೆ ಅಂತ ನಿದ್ದೆಯಲ್ಲೂ ಹೇಳಬಲ್ಲವಳು, ತನ್ನನ್ನು ಇವರು ಎಲ್ಲಿ ಇಡುತ್ತಾರೋ ತಿಳಿಯದೆ ಒದ್ದಾಡುತ್ತಿದ್ದಳು.

ಹಳೇ ಕಂಪನಿ ಬಾಗಿಲು ಹಾಕಿ ನಾಲ್ಕು ತಿಂಗಳು. ಕೆಲಸ ಬೇಕೇ ಬೇಕು. ಆದರೆ ಸಂಜೆ ಆರಕ್ಕೆ ನಾಲ್ಕು ವರ್ಷದ ಮಗಳನ್ನು ಡೇಕೇರಿನಿಂದ ಕರೆತರುವವಳೂ ಅವಳೇ. ಗಂಡ ಆಸ್ಪತ್ರೆಯಲ್ಲಿ ನರ್ಸು, ಮಧ್ಯಾಹ್ನದ ಪಾಳಿ. ಆರು ಗಂಟೆಯೊಂದನ್ನು ಯಾರಿಗೂ ಬಿಟ್ಟುಕೊಡೋದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಮೂರನೇ ಸುತ್ತಿಗೆ ಬಂದಿದ್ದಳು. ಮೂರು ಗಂಟೆಗೆ ಶುರು, ನಾಲ್ಕಕ್ಕೆ ಮುಗಿಯುತ್ತೆ ಅಂದಿದ್ದರು.

ಗ್ರಾಹಕರು ವಾಪಸ್ ಕಳಿಸಿದ ಸಾಮಾನನ್ನು ರಿಪೇರಿ ಮಾಡಿ ಮಾರುವ ಕಂಪನಿ. ಒಟ್ಟು ಹನ್ನೊಂದು ಜನ. ಎದುರಿಗೆ ಕೂತವರು ಇಬ್ಬರು ಸ್ಥಾಪಕರು. ಒಬ್ಬ ಒಳಗೂ ಕ್ಯಾಪ್ ತೆಗೆಯದವನು. ಇವಳು ಅವನಿಗೆ ಮನಸ್ಸಿನಲ್ಲೇ ‘ಟೋಪಿ’ ಅಂತ ಹೆಸರಿಟ್ಟಿದ್ದಳು, ಕೊನೆಗೆ ನನಗೇ ಟೋಪಿ ಹಾಕದಿದ್ದರೆ ಸಾಕಪ್ಪ ಅಂದುಕೊಂಡು. ಇನ್ನೊಬ್ಬಳು ಅವನ ಕಾಲೇಜು ಗೆಳತಿ, ಹಣಕಾಸು ನೋಡಿಕೊಳ್ಳುವವಳು, ಮಾತು ಕಡಿಮೆ.

“ನಮ್ಮಲ್ಲಿ ಡೆಸಿಗ್ನೇಶನ್‌ಗೆ ಬೆಲೆ ಇಲ್ಲ. ಎಲ್ಲರೂ ಓನರ್,” ಅಂದ ಟೋಪಿ.

“ಸರಿ. ಹಾಗಾದ್ರೆ ಇಬ್ಬರೂ ಒಂದೊಂದು ಚೀಟಿ ಮೇಲೆ ಬರೀರಿ. ಆರು ತಿಂಗಳಲ್ಲಿ ನಾನು ಏನು ಮಾಡಿ ಮುಗಿಸಿರಬೇಕು?” ಅಂದಳು ಇವಳು.

ಬರೆದರು. ಅವನ ಚೀಟಿಯಲ್ಲಿ ‘ಮೂರು ಹೊಸ ಊರು’. ಗೆಳತಿಯ ಚೀಟಿಯಲ್ಲಿ ‘ಹೊಸ ಊರು ಬೇಡ, ನಷ್ಟ ನಿಲ್ಲಲಿ’. ಇಬ್ಬರೂ ಒಬ್ಬರ ಚೀಟಿ ಒಬ್ಬರು ಓದಿ ಪೆಚ್ಚಾದರು. ಮುಂದಿನ ಮುಕ್ಕಾಲು ಗಂಟೆ ಅವರಿಬ್ಬರದೇ ಜಗಳ. ಸಂದರ್ಶನಕ್ಕೆ ಬಂದವಳು ಪಂಚಾಯ್ತಿ ಮಾಡುತ್ತಾ ಕೂತಳು. ಏನು ಕರ್ಮವೋ!

ಜಗಳ ತಣ್ಣಗಾದ ಮೇಲೆ ಷೇರಿನ ಮಾತು ಬಂತು. “ಇಪ್ಪತ್ತು ಸಾವಿರ ಆಪ್ಷನ್, ಅಂದ್ರೆ ಅಷ್ಟು ಷೇರು ಕೊಳ್ಳೋ ಹಕ್ಕು ಕೊಡ್ತೀವಿ,” ಅಂದ ಟೋಪಿ, ದಾನಶೂರನ ಮುಖ ಮಾಡಿಕೊಂಡು.

“ಒಟ್ಟು ಎಷ್ಟರಲ್ಲಿ?”

ಅವನು ಗೆಳತಿಯ ಮುಖ ನೋಡಿದ. “ಆಪ್ಷನ್ ಎಲ್ಲಾ ಸೇರಿಸಿದ್ರೆ ಒಂದು ಕೋಟಿ ಷೇರು,” ಅಂದಳು ಅವಳು.

“ಅಂದ್ರೆ ಸಾವಿರಕ್ಕೆ ಎರಡು. ಅಷ್ಟು ಓನರ್ ನಾನು. ಕೈಗೆ ಬರೋದು ಯಾವಾಗ?”

“ನಾಲ್ಕು ವರ್ಷದಲ್ಲಿ, ಸ್ವಲ್ಪ ಸ್ವಲ್ಪ. ಮೊದಲನೇ ವರ್ಷ ತುಂಬೋಕೆ ಮುಂಚೆ ಬಿಟ್ರೆ ಏನೂ ಇಲ್ಲ,” ಅಂದ ಟೋಪಿ.

“ಮುಂಚೆ ಈ ಕೆಲಸದಲ್ಲಿದ್ದವರು ಎಷ್ಟು ದಿನ ಇದ್ರು?”

“ಹತ್ತು ತಿಂಗಳು,” ಅಂದಳು ಗೆಳತಿ ಮೆಲ್ಲಗೆ. “ಸುಸ್ತಾಗಿ ಬಿಟ್ಟು ಹೋದ್ರು. ಸುಳ್ಳು ಯಾಕೆ ಹೇಳಲಿ.”

ಆ ಒಂದು ಮಾತಿಗೆ ಇವಳಿಗೆ ಆಕೆ ಇಷ್ಟವಾಗಿಬಿಟ್ಟಳು. “ನಾನು ಐದೂವರೆಗೆ ಹೊರಡ್ತೀನಿ. ದಿನಾ. ಅದು ಆಗೋದಾದ್ರೆ ಮಾತ್ರ ಬರ್ತೀನಿ,” ಅಂದಳು.

“ಅಯ್ಯೋ, ಇಲ್ಲಿ ಯಾರು ಗಡಿಯಾರ ನೋಡ್ತಾರೆ,” ಅಂದ ಟೋಪಿ. ಅದು ಹೂಂ ಅಂತಲೋ ಊಹೂಂ ಅಂತಲೋ, ದೇವರಿಗೇ ಗೊತ್ತು. ಕೇಳಬೇಕೆನ್ನುವಷ್ಟರಲ್ಲಿ ಅವನು ಬೋರ್ಡಿನ ಮೇಲೆ ಗೋದಾಮಿನ ನಕ್ಷೆ ಬರೆದು, ವಾಪಸ್ ಬಂದ ಸಾಮಾನು ಒಂಬತ್ತು ದಿನ ಕೊಳೆಯುವುದು ಎಲ್ಲಿ ಅಂತ ತೋರಿಸಿದ.

ತಪ್ಪು ನಕ್ಷೆ. ಇವಳ ಕೈ ತುರಿಸಿತು. ಎದ್ದು ಪೆನ್ನು ಕಿತ್ತುಕೊಂಡಳು. “ಇಳಿಸೋ ಜಾಗದಲ್ಲೇ ಮೂರು ಪಾಲು ಮಾಡಿ. ಮಾರೋದು, ರಿಪೇರಿ ಮಾಡೋದು, ಬಿಸಾಕೋದು. ಎಲ್ಲಾನೂ ರಿಪೇರಿ ಮೇಜಿಗೆ ಒಯ್ದು ಮತ್ತೆ ತರೋದು ಯಾಕೆ?” ಅಳಿಸಿದಳು, ಬರೆದಳು. ನಾಲ್ಕು ತಿಂಗಳ ಮೇಲೆ ಮೊದಲ ಸಲ ತಲೆ ಓಡುತ್ತಿತ್ತು. ಅಬ್ಬಾ, ಎಷ್ಟು ಸುಖ ಅನ್ನಿಸಿತು ಅವಳಿಗೆ. ಒಂಬತ್ತು ದಿನ ಎರಡಕ್ಕೆ ಇಳಿದಾಗ ಟೋಪಿ ಚಪ್ಪಾಳೆ ತಟ್ಟಿದ.

ಆಗ ಫೋನ್ ಅಲುಗಿತು. ಡೇಕೇರ್ ಟೀಚರ್. ಏಳನೇ ಕರೆ. ಗಂಟೆ ಆರು ಮುಕ್ಕಾಲು.

ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಡೇಕೇರಿನಲ್ಲಿ ಒಂದೇ ದೀಪ ಉರಿಯುತ್ತಿತ್ತು. ಮಗಳು ಚೀಲ ಬೆನ್ನಿಗೆ ಹಾಕಿಕೊಂಡೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು, ಕೆನ್ನೆಯ ಮೇಲೆ ಕಣ್ಣೀರಿನ ಕಲೆ. ಟೀಚರ್ ಬೈಯಲಿಲ್ಲ. ತಡವಾಗಿ ಬಂದವರ ಪುಸ್ತಕ ಮುಂದಿಟ್ಟರು. ಹೆಸರು, ಸಮಯ, ಕಾರಣ.

ಯೋಚಿಸದೆ ‘ಆಫೀಸಿನಲ್ಲಿ ಕೆಲಸ’ ಅಂತ ಬರೆದಳು.

“ಓಹ್, ಕೆಲಸ ಸಿಕ್ತಾ ಮೇಡಂ? ಯಾವಾಗಿಂದ?” ಅಂದರು ಟೀಚರ್ ಸಂತೋಷದಿಂದ.

ಪೆನ್ನು ಕೆಳಗಿಟ್ಟು ಫೋನ್ ನೋಡಿದಳು. ಟೋಪಿಯ ಸಂದೇಶ ಬಂದು ಕೂತಿತ್ತು: ‘ಸೂಪರ್ ಸೆಶನ್! ಆ ನಕ್ಷೆ ಇವತ್ತೇ ನೀಟಾಗಿ ಕಳಿಸ್ತೀರಾ? ರೋಲ್ ವಿಚಾರ ಆಮೇಲೆ ನೋಡೋಣ.’

“ಇನ್ನೂ ಸಿಕ್ಕಿಲ್ಲ,” ಅಂದಳು.